ಮೂಗಿನ ಮೇಲಿನ ವಾಸಿಯಾಗದ ಗುಳ್ಳೆ: ಬೇಸಲ್ ಸೆಲ್ ಕ್ಯಾನ್ಸರ್ ನೋಡಲು ಹೇಗಿರುತ್ತದೆ, ಕಂಡರೆ ಏನು ಮಾಡಬೇಕು

ಜೀವನವಿಡೀ ಹೊಲದಲ್ಲಿ ದುಡಿದವರ ಮುಖದಲ್ಲಿ ಒಂದು ಸಣ್ಣ ಗುಳ್ಳೆ ಎದ್ದರೆ ಮನೆಯಲ್ಲಿ ಯಾರೂ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಮೊಡವೆ ಇರಬಹುದು, ನರಹುಲಿ ಇರಬಹುದು, ವಯಸ್ಸಾದ ಮೇಲೆ ಬರುವ ಮಚ್ಚೆ ಇರಬಹುದು. ಹೆಚ್ಚಿನ ಸಲ ಅದು ಹಾಗೆಯೇ ಆಗಿರುತ್ತದೆ. ಆದರೆ ತಿಂಗಳುಗಳು ಕಳೆದರೂ ಹೋಗದೆ, ಮೇಲ್ಮೈ ನುಣುಪಾಗಿ ಹೊಳೆಯುತ್ತಾ, ಅದರ ಮೇಲೆ ಸಣ್ಣ ಸಣ್ಣ ಕೆಂಪು ರಕ್ತನಾಳಗಳು ಹರಡಿಕೊಂಡಿದ್ದರೆ ಅದು ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಆಗಿರಬಹುದು. ಆಸ್ಪತ್ರೆಯ ಚೀಟಿಯಲ್ಲಿ ಇದನ್ನು ಬಿಸಿಸಿ ಎಂದು ಬರೆಯುತ್ತಾರೆ.

ಚರ್ಮದ ಮೇಲ್ಪದರದ ಅಡಿಯಲ್ಲಿರುವ ತಳಸಾಲಿನ ಕೋಶಗಳಿಂದ ಹುಟ್ಟುವ ಗಡ್ಡೆ ಇದು. ಬೇರೆ ಕ್ಯಾನ್ಸರ್‌ಗಳಂತೆ ರಕ್ತದಲ್ಲಿ ಸೇರಿ ಶ್ವಾಸಕೋಶಕ್ಕೋ ಯಕೃತ್ತಿಗೋ ಹೋಗುವುದು ತೀರಾ ಅಪರೂಪ. ಇದರ ಹಾನಿ ಇರುವುದು ಇದ್ದ ಜಾಗದಲ್ಲೇ. ವರ್ಷಗಟ್ಟಲೆ ಬಿಟ್ಟರೆ ಮೂಗಿನ ಮೃದ್ವಸ್ಥಿಯನ್ನು, ಕಣ್ಣಿನ ರೆಪ್ಪೆಯನ್ನು, ಕೊನೆಗೆ ಮೂಳೆಯನ್ನೂ ತಿನ್ನುತ್ತದೆ. 1827ರಲ್ಲಿ ಡಬ್ಲಿನ್‌ನ ವೈದ್ಯ ಆರ್ಥರ್ ಜೇಕಬ್ ಕಣ್ಣುರೆಪ್ಪೆಯ ಸುತ್ತ ಬರುವ ಇಂಥ ಹುಣ್ಣನ್ನು ವಿವರಿಸುವಾಗ ಮೂರು ಸಂಗತಿಗಳನ್ನು ಗುರುತಿಸಿದ್ದರು: ಅದು ವಿಪರೀತ ನಿಧಾನ, ಅದರ ಅಂಚು ವಿಚಿತ್ರ, ಮತ್ತು ರೋಗಿಗೆ ನೋವು ತೀರಾ ಕಡಿಮೆ. ಇಂದಿಗೂ ಜನ ತಡವಾಗಿ ಬರುವುದಕ್ಕೆ ಮೊದಲನೆಯ ಮತ್ತು ಮೂರನೆಯ ಸಂಗತಿಗಳೇ ಕಾರಣ. ನೋವಿಲ್ಲ ಎಂಬುದು ಇಲ್ಲಿ ಸಮಾಧಾನದ ಮಾತಲ್ಲ. ನೋಯದ, ಆದರೆ ವಾಸಿಯೂ ಆಗದ ಗುಳ್ಳೆಯ ಮೇಲೆಯೇ ಹೆಚ್ಚು ಗಮನ ಬೇಕು.

ಮುಂದಿನ ಹಂತಗಳನ್ನು ವಿವರಿಸಲು ಒಬ್ಬ ರೈತರನ್ನು ಕಲ್ಪಿಸಿಕೊಳ್ಳೋಣ. ಗದಗ ಕಡೆಯ ಎರೆಭೂಮಿಯಲ್ಲಿ ಜೋಳ, ಹತ್ತಿ ಬೆಳೆಯುವವರು, ವಯಸ್ಸು 67. ಎಡ ಮೂಗಿನ ಹೊಳ್ಳೆಯ ಪಕ್ಕದಲ್ಲಿ ಎರಡು ವರ್ಷದಿಂದ ಒಂದು ಗುಳ್ಳೆ ಇದೆ. ಮುಖ ಒರೆಸುವಾಗ ಟವೆಲ್ಲಿಗೆ ಒಮ್ಮೊಮ್ಮೆ ರಕ್ತದ ಕಲೆ ಅಂಟುತ್ತದೆ, ಹಕ್ಕಳೆ ಕಟ್ಟುತ್ತದೆ, ಉದುರುತ್ತದೆ, ಮತ್ತೆ ಕಟ್ಟುತ್ತದೆ. ಮೊಮ್ಮಗಳು ಕೇಳಿದರೆ, "ನೋಯುವುದಿಲ್ಲ ಬಿಡವ್ವ" ಎನ್ನುತ್ತಾರೆ. ಹಕ್ಕಳೆ ಉದುರಿದಾಗಲೆಲ್ಲ ಅವರಿಗೆ ಗಾಯ ಮಾಯುತ್ತಿದೆ ಅನ್ನಿಸುತ್ತದೆ.

ಮೊದಲು ಮುಖ ತೊಳೆದು ಬೆಳಕಿಗೆ ಕೂರಿಸಿ

ಮನೆಯ ಟ್ಯೂಬ್‌ಲೈಟ್ ಅಡಿಯಲ್ಲಿ ನೋಡಬೇಡಿ. ಹಗಲಿನಲ್ಲಿ ಕಿಟಕಿಯ ಬಳಿಯೋ ಪಡಸಾಲೆಯಲ್ಲೋ ಕೂರಿಸಿ. ವಿಭೂತಿ, ಕುಂಕುಮ, ಎಣ್ಣೆಯ ಜಿಡ್ಡು, ಹೊಲದ ಧೂಳು ಎಲ್ಲವೂ ಹೋಗುವಂತೆ ಸೋಪು ಹಚ್ಚಿ ಮುಖ ತೊಳೆದು ಒತ್ತಿ ಒರೆಸಿ, ಉಜ್ಜಬೇಡಿ. ಹಕ್ಕಳೆ ಇದ್ದರೆ ಉಗುರಿನಿಂದ ಕೀಳಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ ಶುಭ್ರ ಬಟ್ಟೆಯನ್ನು ಹತ್ತು ನಿಮಿಷ ಇಟ್ಟರೆ ಮೇಲಿನದು ತಾನಾಗಿ ಮೆತ್ತಗಾಗುತ್ತದೆ. ಅಷ್ಟಕ್ಕೂ ಬರದಿದ್ದರೆ ಹಾಗೆಯೇ ಬಿಡಿ, ವೈದ್ಯರು ನೋಡಿಕೊಳ್ಳುತ್ತಾರೆ.

ಒಂದು ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲಿನ ಕ್ಯಾಮೆರಾವನ್ನು ಸ್ವಲ್ಪ ದೂರದಲ್ಲಿ ಹಿಡಿದು ಚಿತ್ರವನ್ನು ಹಿಗ್ಗಿಸಿ ನೋಡಿ. ತೀರಾ ಹತ್ತಿರ ಹಿಡಿದರೆ ಚಿತ್ರ ಮಬ್ಬಾಗಿ ರಕ್ತನಾಳಗಳು ಕಾಣುವುದಿಲ್ಲ.

ಹೊಳಪು, ರಕ್ತನಾಳ, ಅಂಚು: ಇವನ್ನು ಹುಡುಕಿ

ಈ ಗುಳ್ಳೆಯ ಹೊಳಪು ಎಣ್ಣೆಮುಖದ ಹೊಳಪಲ್ಲ. ಬೆಂದ ಸಬ್ಬಕ್ಕಿಯ ಕಾಳಿನಂತೆ ಒಳಗೆ ತುಸು ಬೆಳಕು ಇಳಿದಂತೆ ಕಾಣುತ್ತದೆ. ವೈದ್ಯರು ಇದನ್ನು ಮುತ್ತಿನ ಹೊಳಪು ಎನ್ನುತ್ತಾರೆ. ಗಡ್ಡೆಯ ಕೋಶಗಳು ಚರ್ಮದ ಮೇಲ್ಭಾಗಕ್ಕೆ ಹತ್ತಿರದಲ್ಲೇ ಗುಂಪುಗೂಡಿ, ಸುತ್ತ ಲೋಳೆಯಂಥ ಪದಾರ್ಥವನ್ನು ತುಂಬಿಕೊಂಡಿರುತ್ತವೆ, ಮೇಲಿನ ಚರ್ಮ ತೆಳ್ಳಗಾಗಿರುತ್ತದೆ. ಆದ್ದರಿಂದ ಈ ಹೊಳಪು. ಇದನ್ನು ಸ್ಪಷ್ಟವಾಗಿ ನೋಡಲು ಒಂದು ಸರಳ ಉಪಾಯವಿದೆ: ಎರಡು ಬೆರಳುಗಳಿಂದ ಗುಳ್ಳೆಯ ಎರಡೂ ಬದಿಯ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿಯಿರಿ. ಸುತ್ತಲಿನ ಚರ್ಮ ಹಿಗ್ಗಿ ಸಮವಾಗುತ್ತದೆ, ಗಡ್ಡೆಯ ಭಾಗ ಮಾತ್ರ ಬೇರೆಯಾಗಿ ಎದ್ದು ಬಿಳುಪಾಗಿ ಹೊಳೆಯುತ್ತದೆ. ಅದು ಎಲ್ಲಿ ಮುಗಿಯುತ್ತದೆ ಎಂಬ ಗೆರೆಯೂ ಆಗಲೇ ಕಾಣುವುದು.

ರಕ್ತನಾಳಗಳನ್ನು ಗುಳ್ಳೆಯ ಮೇಲ್ಮೈಯಲ್ಲೇ ಹುಡುಕಬೇಕು. ವಯಸ್ಸಾದ, ಬಿಸಿಲು ಕಂಡ ಮೂಗಿನ ಮೇಲೆ ಸಣ್ಣ ಕೆಂಪು ನಾಳಗಳು ಸಾಮಾನ್ಯವಾಗಿಯೇ ಇರುತ್ತವೆ. ಅವು ಚರ್ಮದ ಮೇಲೆ ಅಲ್ಲಲ್ಲಿ ಹರಡಿರುತ್ತವೆ. ಬೇಸಲ್ ಸೆಲ್ ಗಡ್ಡೆಯ ಮೇಲಿನವು ಒಂದು ದಪ್ಪ ಕಾಂಡದಿಂದ ಹೊರಟು ಕವಲು ಕವಲಾಗಿ ಸಣ್ಣವಾಗುತ್ತಾ ಗುಳ್ಳೆಯ ಅಂಚಿನಿಂದ ನಡುವಿನ ಕಡೆಗೆ ಹೋಗುತ್ತವೆ. ಗಡ್ಡೆ ತನಗೆ ಬೇಕಾದ ರಕ್ತಕ್ಕಾಗಿ ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ, ತೆಳ್ಳಗಿನ ಚರ್ಮದ ಕೆಳಗೆ ಅವು ನೇರವಾಗಿ ಕಾಣುತ್ತವೆ. ಪಾರದರ್ಶಕ ಗಾಜಿನ ಚೂರನ್ನು ಒತ್ತಿ ನೋಡುವ ಪರೀಕ್ಷೆಯ ಬಗ್ಗೆ ಕೆಲವರು ಓದಿರಬಹುದು. ಮನೆಯಲ್ಲಿ ಅದರ ಅಗತ್ಯವಿಲ್ಲ, ಚೂರಿನಿಂದ ಗಾಯವಾದೀತು. ಚರ್ಮರೋಗ ತಜ್ಞರ ಬಳಿ ಡರ್ಮೋಸ್ಕೋಪ್ ಎಂಬ ಕೈಯಲ್ಲಿ ಹಿಡಿಯುವ ಮಸೂರ ಇರುತ್ತದೆ, ಅದರಲ್ಲಿ ಈ ಕವಲುಗಳು ಅತ್ಯಂತ ಸ್ಪಷ್ಟ.

ಗುಳ್ಳೆ ಹಳೆಯದಾದಂತೆ ಅಂಚು ಸುತ್ತಲೂ ದುಂಡಗೆ ಎದ್ದು ನಿಲ್ಲುತ್ತದೆ, ನಡುವೆ ತಗ್ಗಾಗಿ ಹುಣ್ಣಾಗುತ್ತದೆ. ಗಡ್ಡೆಯ ನಡುಭಾಗಕ್ಕೆ ರಕ್ತ ಸಾಲದೆ ಅದು ಒಡೆಯುವುದು ಇದಕ್ಕೆ ಕಾರಣ. ನಮ್ಮ ಉದಾಹರಣೆಯ ಅಜ್ಜನ ಹಕ್ಕಳೆ ಈ ತಗ್ಗಿನ ಮೇಲೆಯೇ ಕಟ್ಟುತ್ತಿದೆ. ಬೆರಳಿನಿಂದ ಮುಟ್ಟಿದರೆ ಗುಳ್ಳೆ ಗಟ್ಟಿಯಾಗಿರುತ್ತದೆ, ಮೊಡವೆಯಂತೆ ಒಳಗೆ ಕೀವು ತುಂಬಿ ಒತ್ತಿದರೆ ಜಾರುವುದಿಲ್ಲ.

ನಮ್ಮ ಚರ್ಮದಲ್ಲಿ ಇದು ಕಪ್ಪಾಗಿಯೂ ಇರುತ್ತದೆ

ಇದನ್ನು ಒತ್ತಿ ಹೇಳಬೇಕಾಗಿದೆ. ಪುಸ್ತಕಗಳಲ್ಲೂ ಅಂತರ್ಜಾಲದಲ್ಲೂ ಕಾಣುವ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವರದ್ದು. ಅಲ್ಲಿ ಗುಳ್ಳೆ ಗುಲಾಬಿ ಬಣ್ಣದ್ದು, ರಕ್ತನಾಳಗಳು ಕಣ್ಣಿಗೆ ಹೊಡೆಯುತ್ತವೆ. ಎಣ್ಣೆಗೆಂಪು ಅಥವಾ ಕಪ್ಪು ಮೈಬಣ್ಣದವರಲ್ಲಿ ಗಡ್ಡೆಯೊಳಗೆ ಮೆಲನಿನ್ ವರ್ಣದ್ರವ್ಯ ಸೇರಿಕೊಂಡು ಕಂದು, ಕಪ್ಪು ಅಥವಾ ನೀಲಿಗಪ್ಪು ಬಣ್ಣ ಬರುತ್ತದೆ. ನಾಳಗಳು ಆ ಬಣ್ಣದಡಿ ಮುಚ್ಚಿಹೋಗುತ್ತವೆ. ಮುತ್ತಿನ ಹೊಳಪು ಮಾತ್ರ ಉಳಿಯುತ್ತದೆ, ಅದನ್ನೂ ಅಂಚಿನಲ್ಲಿ ಹುಡುಕಬೇಕು: ಕಪ್ಪು ಗುಳ್ಳೆಯ ಸುತ್ತ ನುಣುಪಾದ, ಹೊಳೆಯುವ, ತುಸು ಎದ್ದ ಏಣು. ಕೆಲವೊಮ್ಮೆ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಮಣಿಗಳ ಹಾಗೆ ಸಾಲಾಗಿ ಇರುತ್ತವೆ.

ಹೀಗಾಗಿ ನಮ್ಮಲ್ಲಿ ಈ ಕ್ಯಾನ್ಸರನ್ನು ಮಚ್ಚೆ ಎಂದು ಬಿಟ್ಟುಬಿಡುವುದೇ ಹೆಚ್ಚು. ಬೇರ್ಪಡಿಸಲು ಮೊದಲ ಪ್ರಶ್ನೆ, ಅದು ಯಾವಾಗಿನಿಂದ ಇದೆ ಎಂಬುದು. ಮದುವೆಯ ಫೋಟೋದಲ್ಲೂ ಅದೇ ಜಾಗದಲ್ಲಿ ಅದೇ ಗಾತ್ರದಲ್ಲಿ ಇದ್ದರೆ ಅದು ಹುಟ್ಟುಮಚ್ಚೆ ಅಥವಾ ಹಳೆಯ ಮಚ್ಚೆ. ಐವತ್ತು ದಾಟಿದ ಮೇಲೆ ಹೊಸದಾಗಿ ಎದ್ದು, ಒಂದೇ ಒಂದು ಇದ್ದು, ನಿಧಾನವಾಗಿಯಾದರೂ ದೊಡ್ಡದಾಗುತ್ತಿದ್ದರೆ ತೋರಿಸಲೇಬೇಕು. ವಯಸ್ಸಿನ ಜೊತೆ ಬರುವ ಕಪ್ಪು ಗುಳ್ಳೆಗಳು ಬಹಳಷ್ಟು ಜನರ ಕೆನ್ನೆ, ಕುತ್ತಿಗೆಯ ಮೇಲೆ ಹತ್ತಾರು ಇರುತ್ತವೆ; ಅವು ಒರಟಾಗಿ, ಮೇಣವನ್ನು ಅಂಟಿಸಿದಂತೆ ಕಾಣುತ್ತವೆ, ಹುಣ್ಣಾಗುವುದಿಲ್ಲ. ಮುಖದಲ್ಲಿ ಸಾಮಾನ್ಯವಾಗಿ ಕಾಣುವ ಇನ್ನೊಂದು ಹಾನಿಯಿಲ್ಲದ ಗುಳ್ಳೆ ಹಳದಿಯಾಗಿದ್ದು ನಡುವೆ ಸೂಜಿಮೊನೆಯಷ್ಟು ತಗ್ಗು ಇರುತ್ತದೆ. ಅದು ಎಣ್ಣೆಗ್ರಂಥಿಯ ಊತ. ಅದರ ಮೇಲೂ ಸಣ್ಣ ನಾಳಗಳಿರುವುದರಿಂದ ತಜ್ಞರೂ ಒಮ್ಮೊಮ್ಮೆ ಮಸೂರ ಹಿಡಿದೇ ನಿರ್ಧರಿಸುತ್ತಾರೆ.

ಕೆಲವೇ ವಾರಗಳಲ್ಲಿ ಬೇಗ ಬೇಗ ದೊಡ್ಡದಾಗುವ, ಗಟ್ಟಿ ಪೊರೆಯುಳ್ಳ, ತುಟಿ ಅಥವಾ ಕಿವಿಯ ಮೇಲಿನ ಗಡ್ಡೆ ಬೇರೆ ಬಗೆಯ ಕ್ಯಾನ್ಸರ್ ಆಗಿರಬಹುದು. ಅದು ದುಗ್ಧಗ್ರಂಥಿಗಳಿಗೆ ಹರಡಬಲ್ಲದು. ಅದಕ್ಕೆ ಕಾಯುವ ಮಾತೇ ಇಲ್ಲ, ಆ ವಾರವೇ ಹೋಗಿ.

ಅಳೆದು, ಫೋಟೋ ತೆಗೆದು, ದಿನಾಂಕ ಬರೆಯಿರಿ

ಶಾಲೆಯ ಮಕ್ಕಳ ಸ್ಕೇಲನ್ನು ಗುಳ್ಳೆಯ ಪಕ್ಕ ಹಿಡಿದು ಫೋಟೋ ತೆಗೆಯಿರಿ. ಮಿಲಿಮೀಟರ್ ಗೆರೆಗಳು ಕಾಣಬೇಕು. ಒಂದು ಫೋಟೋ ಪೂರ್ತಿ ಮುಖದ್ದಿರಲಿ, ಇಲ್ಲದಿದ್ದರೆ ಮುಂದೆ ನೋಡುವವರಿಗೆ ಜಾಗ ತಿಳಿಯುವುದಿಲ್ಲ. ಹಿಂದಿನ ಮದುವೆ, ಜಾತ್ರೆಯ ಫೋಟೋಗಳನ್ನೂ ಹುಡುಕಿ. ಗುಳ್ಳೆ ಎಂದು ಶುರುವಾಯಿತು ಎಂಬುದಕ್ಕೆ ಅವುಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ನಮ್ಮ ಅಜ್ಜನ ಗುಳ್ಳೆ ಈಗ 8 ಮಿಲಿಮೀಟರ್, ಎರಡು ವರ್ಷದ ಹಿಂದಿನ ಫೋಟೋದಲ್ಲಿ ಅಂದಾಜು ಅದರ ಅರ್ಧದಷ್ಟಿತ್ತು ಎಂದುಕೊಳ್ಳೋಣ.

ಹೊಸ ಗುಳ್ಳೆಯಾಗಿದ್ದು ಮೇಲೆ ಹೇಳಿದ ಯಾವ ಲಕ್ಷಣವೂ ಸ್ಪಷ್ಟವಾಗಿ ಇಲ್ಲದಿದ್ದರೆ ನಾಲ್ಕು ವಾರ ಕಾಯಬಹುದು. ಮೊಡವೆ, ಕೀಟ ಕಚ್ಚಿದ ಗಾಯ, ಕ್ಷೌರದ ಕತ್ತಿ ತಾಗಿದ ಗೀರು ಅಷ್ಟರಲ್ಲಿ ಮಾಯುತ್ತವೆ. ನಾಲ್ಕು ವಾರಕ್ಕೂ ಮಾಯದಿದ್ದರೆ, ಅಥವಾ ಮಾಯ್ದು ಅದೇ ಜಾಗದಲ್ಲಿ ಮತ್ತೆ ರಕ್ತ ಬಂದರೆ, ಕಾಯುವ ಅವಧಿ ಮುಗಿಯಿತು. ಹೊಳಪು, ನಾಳ, ಎದ್ದ ಅಂಚು ಮೊದಲೇ ಕಂಡಿದ್ದರೆ ನಾಲ್ಕು ವಾರವೂ ಬೇಡ.

ಏನು ಹಚ್ಚಬಾರದು

ಸುಣ್ಣ ಮತ್ತು ಸೋಡಾ ಕಲಸಿ ಹಚ್ಚುವುದು, ಕರಿಗೇರಿನ ಎಣ್ಣೆ ಮುಟ್ಟಿಸುವುದು, ಕೂದಲು ಕಟ್ಟಿ ಬಿಗಿಯುವುದು, ಇವೆಲ್ಲ ನರಹುಲಿಗೂ ಮಚ್ಚೆಗೂ ಹಳ್ಳಿಗಳಲ್ಲಿ ಮಾಡುವ ಉಪಾಯಗಳು. ಬೇಸಲ್ ಸೆಲ್ ಗಡ್ಡೆಯ ಮೇಲೆ ಮಾಡಿದರೆ ಮೇಲಿನ ಭಾಗ ಸುಟ್ಟು ಉದುರುತ್ತದೆ, ಚರ್ಮ ಕೂಡಿಕೊಳ್ಳುತ್ತದೆ, ಎಲ್ಲರೂ ಗುಣವಾಯಿತು ಎನ್ನುತ್ತಾರೆ. ಕೆಳಗೆ ಉಳಿದ ಕೋಶಗಳು ಕಲೆಯ ಅಡಿಯಲ್ಲಿ ಅಕ್ಕಪಕ್ಕಕ್ಕೂ ಆಳಕ್ಕೂ ಬೆಳೆಯುತ್ತಾ ಹೋಗುತ್ತವೆ. ಮತ್ತೆ ಮೇಲೆ ಕಾಣಿಸುವ ಹೊತ್ತಿಗೆ ಅದರ ನಿಜವಾದ ಅಂಚು ಎಲ್ಲಿದೆ ಎಂದು ಶಸ್ತ್ರವೈದ್ಯರಿಗೂ ಹೇಳಲಾಗುವುದಿಲ್ಲ.

ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮಿನಿಂದಲೂ ಇಂಥದ್ದೇ ಮೋಸ. ಸುತ್ತಲಿನ ಕೆಂಪು ಕಡಿಮೆಯಾಗುತ್ತದೆ, ಗಡ್ಡೆ ಇದ್ದಲ್ಲೇ ಇರುತ್ತದೆ. ಪಾರ್ಲರ್‌ನಲ್ಲೋ ಸಣ್ಣ ಕ್ಲಿನಿಕ್‌ನಲ್ಲೋ ಕರೆಂಟಿನಿಂದ ಸುಡಿಸಿಕೊಳ್ಳುವುದು ಇನ್ನೂ ಕೆಟ್ಟದ್ದು, ಏಕೆಂದರೆ ಸುಟ್ಟ ಮೇಲೆ ಪರೀಕ್ಷೆಗೆ ಕಳಿಸಲು ಚೂರು ಮಾಂಸವೂ ಉಳಿಯುವುದಿಲ್ಲ. ಯಾರಾದರೂ ಸುಡೋಣ ಎಂದರೆ, "ಮೊದಲು ಬಯಾಪ್ಸಿ ಮಾಡುತ್ತೀರಾ?" ಎಂದು ಕೇಳಿ.

ಯಾರ ಬಳಿ ಹೋಗಬೇಕು, ಏನು ಒಯ್ಯಬೇಕು

ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿರುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಅಲ್ಲಿಗೆ ರೆಫರಲ್ ಚೀಟಿ ಬರೆಸಿಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ, ಅದರಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ರೇಷನ್ ಕಾರ್ಡ್, ಆಧಾರ್ ಮತ್ತು ಆ ರೆಫರಲ್ ಚೀಟಿ ಜೊತೆಗಿರಲಿ. ಗಡ್ಡೆ ಕಣ್ಣುರೆಪ್ಪೆಯ ಮೇಲೆ ಅಥವಾ ಕಣ್ಣಿನ ಒಳಮೂಲೆಯಲ್ಲಿ ಇದ್ದರೆ ಕಣ್ಣಿನ ವೈದ್ಯರೂ ನೋಡಬೇಕು. ಒಳಮೂಲೆಯ ಗಡ್ಡೆ ಕಣ್ಣುಗೂಡಿನೊಳಕ್ಕೆ ಇಳಿಯುವುದು ಸುಲಭ.

ನಿತ್ಯ ನುಂಗುವ ಮಾತ್ರೆಗಳ ಪಟ್ಟಿ ಒಯ್ಯಿರಿ. ಹೃದಯಕ್ಕೆ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಆದರೆ ರಕ್ತ ಬಂದೀತು ಎಂದು ನೀವಾಗಿಯೇ ನಿಲ್ಲಿಸಬೇಡಿ. ಹಿಂದೆ ಹಚ್ಚಿದ ನಾಟಿ ಔಷಧವಿದ್ದರೆ ಅದನ್ನೂ ಮುಚ್ಚಿಡಬಾರದು. ಸುಟ್ಟ ಕಲೆಯ ಚರಿತ್ರೆ ತಿಳಿಯದಿದ್ದರೆ ಶಸ್ತ್ರಚಿಕಿತ್ಸೆಯ ಲೆಕ್ಕವೇ ತಪ್ಪುತ್ತದೆ.

ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಅದಿರಿನ ಪ್ರದೇಶದವರು ಇನ್ನೊಂದು ಮಾತು ಸೇರಿಸಿ ಹೇಳಬೇಕು. ಅಲ್ಲಿನ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಕಂಡುಬಂದಿದೆ. ವರ್ಷಗಟ್ಟಲೆ ಅಂಥ ನೀರು ಕುಡಿದವರಲ್ಲಿ ಅಂಗೈ, ಅಂಗಾಲಿನಲ್ಲಿ ಗಟ್ಟಿ ಗಂಟುಗಳೂ ಮೈಮೇಲೆ ಮಳೆಹನಿ ಬಿದ್ದಂಥ ಕಲೆಗಳೂ ಏಳುತ್ತವೆ, ಬೇಸಲ್ ಸೆಲ್ ಕ್ಯಾನ್ಸರ್ ಬಿಸಿಲೇ ಕಾಣದ ಬೆನ್ನು, ಹೊಟ್ಟೆಯ ಮೇಲೂ ಬರಬಹುದು. ಅಂಥವರು ಅಂಗಿ ತೆಗೆದು ಪೂರ್ತಿ ಮೈ ಪರೀಕ್ಷಿಸಿಕೊಳ್ಳಬೇಕು.

ಬಯಾಪ್ಸಿ: ಹೆದರುವ ಜಾಗ ಇದಲ್ಲ

"ಚಾಕು ತಾಗಿದರೆ ಹರಡುತ್ತದಂತೆ" ಎಂಬ ಮಾತು ಕೇಳಿ ಎಷ್ಟೋ ಹಿರಿಯರು ಇಲ್ಲಿಂದಲೇ ಮನೆಗೆ ಮರಳುತ್ತಾರೆ. ಈ ಕ್ಯಾನ್ಸರ್ ಬಯಾಪ್ಸಿಯಿಂದ ಹರಡುವುದಿಲ್ಲ. ಎಷ್ಟೇ ಅನುಭವವಿರುವ ಕಣ್ಣಾದರೂ ಬರಿಯ ನೋಟದಿಂದ ಕೊನೆಯ ಮಾತು ಹೇಳಲಾಗದು, ವಿಶೇಷವಾಗಿ ಕಪ್ಪು ಗುಳ್ಳೆಯಲ್ಲಿ. ಮೆಲನೋಮ ಎಂಬ ಬೇಗ ಹರಡುವ ಕ್ಯಾನ್ಸರ್ ಕೂಡ ಕೆಲವೊಮ್ಮೆ ಹೀಗೆಯೇ ಕಾಣುತ್ತದೆ.

ಗುಳ್ಳೆಯ ಬುಡಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ, ನೋವು ಅಷ್ಟೇ. ಬಳಿಕ 3 ಅಥವಾ 4 ಮಿಲಿಮೀಟರ್ ಅಗಲದ ಕೊಳವೆಯಂಥ ಉಪಕರಣದಿಂದ ಸಣ್ಣ ಚೂರು ತೆಗೆದು ಒಂದೆರಡು ಹೊಲಿಗೆ ಹಾಕುತ್ತಾರೆ. ಚೂರನ್ನು ಫಾರ್ಮಲಿನ್ ಇರುವ ಬಾಟಲಿಯಲ್ಲಿ ಹಾಕಿ, ಹೆಸರು ಬರೆದು, ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬಾಟಲಿಯನ್ನು ನಿಮ್ಮ ಕೈಗೇ ಕೊಟ್ಟರೆ ಹೆಸರು, ಜಾಗ ಸರಿಯಾಗಿದೆಯೇ ನೋಡಿ, ಅದೇ ದಿನ ತಲುಪಿಸಿ.

ವರದಿಯಲ್ಲಿ ಬೇಸಲ್ ಸೆಲ್ ಕಾರ್ಸಿನೋಮ ಎಂಬುದರ ಜೊತೆ ಅದರ ಬಗೆಯನ್ನೂ ಕೇಳಿ ತಿಳಿದುಕೊಳ್ಳಿ. ನೋಡ್ಯುಲರ್ ಎಂದಿದ್ದರೆ ಗಂಟಿನಂತೆ ಒಂದೆಡೆ ಬೆಳೆಯುವಂಥದ್ದು, ಈ ಲೇಖನದ ಗುಳ್ಳೆ ಅದೇ. ಇನ್‌ಫಿಲ್ಟ್ರೇಟಿವ್ ಅಥವಾ ಮಾರ್ಫಿಯಿಕ್ ಎಂದಿದ್ದರೆ ಗಡ್ಡೆ ಹೊರಗೆ ಕಾಣುವುದಕ್ಕಿಂತ ಅಗಲವಾಗಿ ಒಳಗೆ ಹರಡಿದೆ ಎಂದರ್ಥ, ಕತ್ತರಿಸುವ ವಿಸ್ತಾರ ಹೆಚ್ಚಬೇಕಾಗುತ್ತದೆ.

ಕತ್ತರಿಸಿ ತೆಗೆಯುವ ಲೆಕ್ಕ

ಎರಡು ಸೆಂಟಿಮೀಟರಿಗಿಂತ ಸಣ್ಣದಾದ, ಅಂಚು ಸ್ಪಷ್ಟವಾಗಿರುವ ನೋಡ್ಯುಲರ್ ಗಡ್ಡೆಯನ್ನು ಸುತ್ತಲೂ ಸುಮಾರು 4 ಮಿಲಿಮೀಟರ್ ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯುವುದು ರೂಢಿ. ಕಣ್ಣಿಗೆ ಕಾಣದೆ ಚಾಚಿಕೊಂಡ ಕೋಶಗಳು ಹೆಚ್ಚಿನ ಸಲ ಅಷ್ಟರೊಳಗೇ ಇರುತ್ತವೆ. ಅಜ್ಜನ ಗುಳ್ಳೆ 8 ಮಿಲಿಮೀಟರ್, ಎರಡು ಬದಿಗೂ 4 ಸೇರಿದರೆ 16 ಮಿಲಿಮೀಟರ್ ಅಗಲದ ಗಾಯ. ಮೂಗಿನ ಹೊಳ್ಳೆಯ ಪಕ್ಕದಲ್ಲಿ ಅಷ್ಟಗಲದ ಗಾಯದ ಎರಡು ಅಂಚುಗಳನ್ನು ಎಳೆದು ಹೊಲಿದರೆ ಮೂಗು ಸೊಟ್ಟಗಾಗುತ್ತದೆ. ಆದ್ದರಿಂದ ಕೆನ್ನೆಯ ಚರ್ಮವನ್ನು ಸರಿಸಿ ತಂದು ಮುಚ್ಚುತ್ತಾರೆ, ಅಥವಾ ಕಿವಿಯ ಹಿಂದಿನ ಚರ್ಮವನ್ನು ತೆಗೆದು ಕಸಿ ಮಾಡುತ್ತಾರೆ. ಎರಡು ವರ್ಷದ ಹಿಂದೆ 4 ಮಿಲಿಮೀಟರ್ ಇದ್ದಾಗಲೇ ಬಂದಿದ್ದರೆ ಗಾಯ 12 ಮಿಲಿಮೀಟರ್‌ನದ್ದಾಗಿರುತ್ತಿತ್ತು, ಮುಚ್ಚುವುದು ಅಷ್ಟು ಸುಲಭವಾಗುತ್ತಿತ್ತು.

ಇದಕ್ಕೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕಾಗುವುದಿಲ್ಲ, ಆ ಜಾಗ ಮಾತ್ರ ಮರಗಟ್ಟಿಸಿದರೆ ಸಾಕು. ಹೆಚ್ಚಿನವರು ಅಂದೇ ಮನೆಗೆ ಹೋಗುತ್ತಾರೆ. ಮುಖದ ಹೊಲಿಗೆಯನ್ನು ಒಂದು ವಾರದ ಹೊತ್ತಿಗೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಬಗ್ಗಿ ಕಳೆ ತೆಗೆಯುವುದು, ಭಾರ ಎತ್ತುವುದು, ಗೊಬ್ಬರ ಹಾಕುವುದು ಬೇಡ. ಬಗ್ಗಿದಾಗ ಮುಖಕ್ಕೆ ರಕ್ತ ನುಗ್ಗಿ ಗಾಯ ಒಸರುತ್ತದೆ.

ತೆಗೆದ ಇಡೀ ತುಂಡೂ ಮತ್ತೆ ಪರೀಕ್ಷೆಗೆ ಹೋಗುತ್ತದೆ. ಈ ಎರಡನೆಯ ವರದಿಯನ್ನು ತೆಗೆದುಕೊಳ್ಳದೆ ಬಿಡುವವರೇ ಬಹಳ. ತುಂಡಿನ ಅಂಚಿನಲ್ಲೂ ತಳದಲ್ಲೂ ಗಡ್ಡೆಯ ಕೋಶ ಇಲ್ಲ ಎಂದು ಅದರಲ್ಲಿ ಬರೆದಿರಬೇಕು. ಇದೆ ಎಂದಿದ್ದರೆ ಇನ್ನೊಮ್ಮೆ ತೆಗೆಯಬೇಕು ಅಥವಾ ವಿಕಿರಣ ಚಿಕಿತ್ಸೆ ಕೊಡಬೇಕು. ಕತ್ತರಿಸುವಾಗಲೇ ಪದರ ಪದರವಾಗಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಹೋಗುವ ಮೋಹ್ಸ್ ವಿಧಾನ ಕಣ್ಣು, ಮೂಗಿನ ಗಡ್ಡೆಗೆ ಅತ್ಯುತ್ತಮ, ಆದರೆ ಭಾರತದಲ್ಲಿ ಅದು ಕೆಲವೇ ಕಡೆ ಲಭ್ಯ. ಶಸ್ತ್ರಚಿಕಿತ್ಸೆ ತಾಳಲಾರದಷ್ಟು ವಯಸ್ಸಾದವರಿಗೆ ವಿಕಿರಣವೊಂದನ್ನೇ ಕೊಡುವುದೂ ಉಂಟು. ಮುಲಾಮಿನಿಂದ ಗುಣವಾಗುವುದು ಚರ್ಮದ ಮೇಲ್ಪದರದಲ್ಲೇ ಹರಡುವ ತೆಳು ಬಗೆ ಮಾತ್ರ, ಮೂಗಿನ ಗಂಟಿಗೆ ಅದು ಸಾಲದು.

ಆಮೇಲೆ

ಮೊದಲು ಆರು ತಿಂಗಳಿಗೊಮ್ಮೆ, ಬಳಿಕ ವರ್ಷಕ್ಕೊಮ್ಮೆ ತೋರಿಸಬೇಕು. ಎರಡು ಸಂಗತಿಗಳನ್ನು ನೋಡಬೇಕು. ಕಲೆಯ ಅಂಚಿನಲ್ಲಿ ಹೊಳೆಯುವ ಸಣ್ಣ ಗಂಟೋ ಮಾಯದ ಹಕ್ಕಳೆಯೋ ಕಂಡರೆ ಗಡ್ಡೆ ಮರಳಿರಬಹುದು. ಅದೇ ಬಿಸಿಲು ಕಂಡ ಉಳಿದ ಮುಖದಲ್ಲಿ ಹೊಸ ಗಡ್ಡೆ ಏಳುವ ಸಾಧ್ಯತೆಯೂ ಇರುತ್ತದೆ: ಕಿವಿಯ ಹಿಂದೆ, ಮೂಗು ಕೆನ್ನೆಗಳ ನಡುವಿನ ಗೆರೆ, ಕೆಳರೆಪ್ಪೆ, ಹಣೆಯ ಪಕ್ಕ, ಬೋಳಾದ ನೆತ್ತಿ. ಇವು ತಮ್ಮ ಕಣ್ಣಿಗೆ ತಾವೇ ನೋಡಿಕೊಳ್ಳಲಾಗದ ಜಾಗಗಳು. ತಿಂಗಳಿಗೊಮ್ಮೆ ಮನೆಯವರು ನೋಡಲಿ, ಅಥವಾ ಕ್ಷೌರ ಮಾಡುವವರಿಗೆ ಹೇಳಿಟ್ಟರೂ ಆಗುತ್ತದೆ.

ರುಮಾಲು ನೆತ್ತಿಯನ್ನು, ಹಣೆಯನ್ನು ಕಾಯುತ್ತದೆ, ಮೂಗಿಗೂ ಕಿವಿಗೂ ನೆರಳು ಕೊಡುವುದಿಲ್ಲ. ಸುತ್ತಲೂ ಕನಿಷ್ಠ ಮೂರು ಇಂಚು ಚಾಚಿದ ಅಂಚಿನ ಹುಲ್ಲಿನ ಅಥವಾ ಬಟ್ಟೆಯ ಟೋಪಿ ಬೇಕು. ಮುಂದೆ ಮಾತ್ರ ಚುಂಚು ಇರುವ ಕ್ಯಾಪ್ ಸಾಲದು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗಿನ ಕೆಲಸವನ್ನು ಮರದ ನೆರಳಿಗೋ ಸಂಜೆಗೋ ತಳ್ಳಲಾಗದ ದಿನ, ಮೂಗಿನ ಮೇಲೂ ಕಿವಿಯ ಮೇಲೂ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ, ಬೆವರಿ ಮುಖ ಒರೆಸಿಕೊಂಡ ಮೇಲೆ ಮತ್ತೆ ಹಚ್ಚಬೇಕು.